ಮಾರ್ಚ್ ಕೊನೆಯ ವಾರದ ಕೂಲಿ ಯಾವ ವರ್ಷದ್ದು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಎಂಜಿನಿಯರಿಂಗ್ ವರ್ಕ್‌ಶಾಪ್ ಇದೆ. ಹದಿನಾಲ್ಕು ಜನರಿಗೆ ವಾರದ ಬಟವಾಡೆ. ವಾರ ಗುರುವಾರದಿಂದ ಬುಧವಾರದವರೆಗೆ, ಹಣ ಕೊಡುವುದು ಶನಿವಾರ. ಮಾರ್ಚ್ 27ರಿಂದ ಏಪ್ರಿಲ್ 2ರವರೆಗಿನ ಕೂಲಿಯನ್ನು ಏಪ್ರಿಲ್ 5ರಂದು ಕೊಟ್ಟು 2025-26ರ ಖರ್ಚಿಗೆ ಬರೆದೆವು. ಅದರಲ್ಲಿ ಮಾರ್ಚ್‌ನ ಪಾಲನ್ನು 2024-25ಕ್ಕೆ ಹಾಕಬೇಕು ಎಂದು ಆಡಿಟರ್ ಹೇಳುತ್ತಾರೆ. ಪ್ರತಿ ವರ್ಷವೂ ಹೀಗೇ ಬರೆಯುತ್ತ ಬಂದಿದ್ದೇವೆ, ಹಿಂದಿನದು ಇಲ್ಲಿ ಬಂದರೆ ಇಲ್ಲಿಯದು ಮುಂದೆ ಹೋಗುತ್ತದೆ, ಒಂದಕ್ಕೊಂದು ಸರಿಹೋಗುವುದಿಲ್ಲವೇ? ಹಾಕಲೇಬೇಕು ಎಂದಾದರೆ ಎಷ್ಟು ಹಾಕಬೇಕು, ಹೇಗೆ ಬರೆಯಬೇಕು? ಹಾಜರಿ ಹಾಳೆ ಮತ್ತು ಕೂಲಿ ಬಿಲ್ಲನ್ನು ಜೊತೆಗೆ ಇಟ್ಟಿದ್ದೇನೆ.

ಉತ್ತರ: ಸರಿಹೋಗುವುದಿಲ್ಲ. ಏಕೆಂಬುದನ್ನು ನಿಮ್ಮದೇ ಕ್ಯಾಲೆಂಡರ್‌ನಿಂದ ತೋರಿಸುತ್ತೇನೆ. 2023ರ ಏಪ್ರಿಲ್ 1 ಶನಿವಾರವಾಗಿತ್ತು, 2024ರ ಮಾರ್ಚ್ 30 ಕೂಡ ಶನಿವಾರವಾಗಿತ್ತು. ಈ ಎರಡನ್ನೂ ಸೇರಿಸಿ ಎಣಿಸಿದರೆ 2023-24ರಲ್ಲಿ 53 ಶನಿವಾರಗಳು ಬರುತ್ತವೆ, ಅಂದರೆ ಹಣ ಕೊಟ್ಟ ದಿನವೇ ಖರ್ಚು ಬರೆಯುವ ನಿಮ್ಮ ಪುಸ್ತಕಕ್ಕೆ ಆ ವರ್ಷ 53 ಬಟವಾಡೆಗಳು ಬಿದ್ದಿವೆ. ಮರುವರ್ಷ, ಅಂದರೆ 2024-25ರಲ್ಲಿ, 52 ಮಾತ್ರ. ವರ್ಕ್‌ಶಾಪಿನಲ್ಲಿ ಕೆಲಸ ಕಡಿಮೆಯಾಗಿಲ್ಲ, ಜನ ಕಡಿಮೆಯಾಗಿಲ್ಲ, ಆದರೂ ಪುಸ್ತಕದಲ್ಲಿ ಒಂದು ಇಡೀ ವಾರದ ಕೂಲಿ ಇಳಿದಂತೆ ಕಾಣುತ್ತದೆ. ಎರಡು ವರ್ಷದ ಲಾಭವನ್ನು ಪಕ್ಕದಲ್ಲಿಟ್ಟು ನೋಡುವ ಬ್ಯಾಂಕಿನವರಿಗೂ ನಿಮಗೂ ಆ ಇಳಿಕೆ ನಿಜವೆಂದೇ ತೋರುತ್ತದೆ.

ಮಾರ್ಚ್ 31 ಒಂದೊಂದು ವರ್ಷ ಒಂದೊಂದು ವಾರದಂದು ಬೀಳುವುದರಿಂದ, ಬಾಕಿ ಉಳಿಯುವ ದಿನಗಳ ಸಂಖ್ಯೆಯೂ ಬದಲಾಗುತ್ತ ಹೋಗುತ್ತದೆ. 2024ರ ಮಾರ್ಚ್ 31 ಭಾನುವಾರವಾಗಿತ್ತು, ಆಗ ಗುರುವಾರ, ಶುಕ್ರವಾರ, ಶನಿವಾರ ಹೀಗೆ ಮೂರು ದಿನದ ಕೂಲಿ ಬಾಕಿ ಇತ್ತು. 2025ರಲ್ಲಿ ಅದು ಸೋಮವಾರ, ಆದ್ದರಿಂದ ನಾಲ್ಕು ದಿನ. ಒಂದು ತುದಿಯಲ್ಲಿ ಮೂರು ದಿನ ಒಳಗೆ ಬಂದು ಇನ್ನೊಂದು ತುದಿಯಲ್ಲಿ ನಾಲ್ಕು ದಿನ ಹೊರಗೆ ಹೋದರೆ ಸರಿಹೋಯಿತೆನ್ನಲು ಆಗುವುದಿಲ್ಲ. ಅಕಸ್ಮಾತ್ ಎರಡೂ ತುದಿಗಳ ಮೊತ್ತ ಒಂದೇ ಆಗಿ ಲಾಭ-ನಷ್ಟ ತಖ್ತೆ ಸರಿಯಾಗಿ ಬಂದರೂ ಅಢಾವೆ ಪತ್ರಿಕೆ ಸರಿಯಾಗುವುದಿಲ್ಲ. ಮಾರ್ಚ್ 31ರ ಸಂಜೆ ಹದಿನಾಲ್ಕು ಜನರಿಗೆ ನೀವು ಹಣ ಕೊಡಬೇಕಿತ್ತು, ಅದು ಆ ದಿನದ ನಿಮ್ಮ ಸಾಲ. ಆ ಪತ್ರಿಕೆಯಲ್ಲಿ ಅದರ ಸುಳಿವೇ ಇಲ್ಲ.

ಈಗ ಎಷ್ಟು ಎಂಬ ಪ್ರಶ್ನೆಗೆ ಬರೋಣ. ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಹೋಗುತ್ತೇನೆ. ನಿಮ್ಮ ಕೂಲಿ ಬಿಲ್ಲಿನ ಒಟ್ಟು ಮೊತ್ತ 56,200 ರೂಪಾಯಿ. ವಾರದಲ್ಲಿ ಕೂಲಿ ಸಲ್ಲುವ ದಿನಗಳು ಆರು, ಅವುಗಳಲ್ಲಿ ಮಾರ್ಚ್‌ನವು ನಾಲ್ಕು. ಆರರಲ್ಲಿ ನಾಲ್ಕು ಪಾಲು ಎಂದು ಭಾಗಿಸಿದರೆ 37,467 ರೂಪಾಯಿ ಬರುತ್ತದೆ. ನಿಮ್ಮ ಗುಮಾಸ್ತರು ಬಿಲ್ಲಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿರುವ ಅಂಕಿಯೂ ಇದೇ. ಹಾಜರಿ ಹಾಳೆಯನ್ನು ದಿನದಿನವಾಗಿ ಕೂಡಿಸಿದಾಗ ನನಗೆ ಬೇರೆಯೇ ಮೊತ್ತ ಸಿಕ್ಕಿತು.

ಹತ್ತು ಆಪರೇಟರ್‌ಗಳಿಗೆ ದಿನಕ್ಕೆ 700, ನಾಲ್ವರು ಹೆಲ್ಪರ್‌ಗಳಿಗೆ 550, ಎಲ್ಲರೂ ಹಾಜರಿದ್ದರೆ ದಿನದ ಕೂಲಿ 9,200. ಗುರುವಾರ 27ರಂದು ಪೂರ್ಣ ಹಾಜರಿ ಇದೆ. ಶುಕ್ರವಾರ 28ರಂದು ಒಬ್ಬ ಹೆಲ್ಪರ್ ಬಂದಿಲ್ಲ, ಆ ದಿನದ ಕೂಲಿ 8,650. ಶನಿವಾರ 29ರಂದು ಮತ್ತೆ ಪೂರ್ಣ ಹಾಜರಿ, 9,200. ಭಾನುವಾರ 30ರಂದು ಯುಗಾದಿ ಬಿದ್ದರೂ ಅದು ವಾರದ ರಜೆಯೇ ಆದ್ದರಿಂದ ನಿಮ್ಮಲ್ಲಿ ಅದಕ್ಕೆ ಪ್ರತ್ಯೇಕ ಕೂಲಿ ಇಲ್ಲ. ಸೋಮವಾರ 31ರಂದು ರಂಜಾನ್, ಶೆಡ್ಡಿಗೆ ಬೀಗ ಹಾಕಿತ್ತು, ಆದರೆ ಅದು ನಿಮ್ಮ ಹಬ್ಬದ ರಜೆಗಳ ಪಟ್ಟಿಯಲ್ಲಿರುವ ಸಂಬಳಸಹಿತ ರಜೆ, ಹಾಜರಿ ಹಾಳೆಯಲ್ಲಿ ಹದಿನಾಲ್ಕು ಹೆಸರುಗಳ ಮುಂದೆಯೂ ಕೆಂಪು ಶಾಯಿಯಲ್ಲಿ ‘ಹ.ರ.’ ಎಂದು ಬರೆದಿದ್ದೀರಿ. ಆ ದಿನದ 9,200 ರೂಪಾಯಿಯೂ ಮಾರ್ಚ್‌ನ ಖರ್ಚೇ. ದುಡಿಯದ ದಿನಕ್ಕೆ ಬಾಕಿ ಹೇಗೆ ಎಂಬ ಅನುಮಾನ ಹಲವರಿಗೆ ಬರುತ್ತದೆ, ಆದರೆ ನೋಡಬೇಕಾದದ್ದು ಆ ದಿನ ಲೇತ್ ತಿರುಗಿತೇ ಎಂಬುದನ್ನಲ್ಲ, ಆ ದಿನಕ್ಕೆ ಕೂಲಿ ಕೊಡುವ ಹೊಣೆ ನಿಮ್ಮ ಮೇಲೆ ಬಿತ್ತೇ ಎಂಬುದನ್ನು. ಈ ನಾಲ್ಕು ದಿನಗಳು ಸೇರಿ 36,250 ರೂಪಾಯಿ ಆಗುತ್ತದೆ.

ಇದರ ಮೇಲೆ ಓಟಿ ಇದೆ. ಹಬ್ಬಕ್ಕೆ ಮುಂಚೆ, ವರ್ಷ ಮುಗಿಯುವುದರೊಳಗೆ ಮಾಲು ಕಳಿಸಬೇಕೆಂದು ಶುಕ್ರವಾರ ಮತ್ತು ಶನಿವಾರ ಆರು ಆಪರೇಟರ್‌ಗಳು ದಿನಕ್ಕೆ ಮೂರು ಗಂಟೆ ಹೆಚ್ಚು ನಿಂತಿದ್ದಾರೆ. ಎಂಟು ಗಂಟೆ ಮೀರಿದ ಕೆಲಸಕ್ಕೆ ನೀವು ಎರಡು ಪಟ್ಟು ಕೊಡುತ್ತೀರಿ, ಅಂದರೆ ಗಂಟೆಗೆ 175 ರೂಪಾಯಿ. ಮೂವತ್ತಾರು ಗಂಟೆಗೆ 6,300. ಇದು ಪೂರ್ತಿಯಾಗಿ ಮಾರ್ಚ್‌ನದು, ಏಪ್ರಿಲ್ ಒಂದು ಎರಡರಂದು ಯಾರೂ ಓಟಿ ಮಾಡಿಲ್ಲ. ಹೀಗೆ ಮಾರ್ಚ್‌ನ ಪಾಲು 42,550 ರೂಪಾಯಿ.

ಏಪ್ರಿಲ್ ಪಾಲನ್ನೂ ಕೂಡಿ ತಾಳೆ ನೋಡಿ. ಹಬ್ಬಕ್ಕೆ ಊರಿಗೆ ಹೋದವರು ಎಲ್ಲರೂ ಸಮಯಕ್ಕೆ ಮರಳಿಲ್ಲ. ಏಪ್ರಿಲ್ 1ರಂದು ನಾಲ್ವರು ಆಪರೇಟರ್‌ಗಳು ಮತ್ತು ಒಬ್ಬ ಹೆಲ್ಪರ್ ಗೈರು, ಆ ದಿನದ ಕೂಲಿ 5,850. ಏಪ್ರಿಲ್ 2ರಂದು ಇಬ್ಬರು ಆಪರೇಟರ್‌ಗಳು ಗೈರು, ಆ ದಿನದ್ದು 7,800. ಎರಡೂ ಸೇರಿ 13,650. ಇದಕ್ಕೆ 42,550 ಸೇರಿಸಿದರೆ ಬಿಲ್ಲಿನ 56,200 ಸರಿಯಾಗಿ ಬರುತ್ತದೆ.

ಗುಮಾಸ್ತರ ಅಂಕಿಗೂ ಇದಕ್ಕೂ 5,083 ರೂಪಾಯಿ ವ್ಯತ್ಯಾಸ. ದಿನಗಳ ಪ್ರಮಾಣದಲ್ಲಿ ಹಂಚುವ ವಿಧಾನ ಎಲ್ಲ ದಿನವೂ ಒಂದೇ ತೂಕದ್ದೆಂದು ನಂಬಿ ನಡೆಯುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಆ ನಂಬಿಕೆ ನಿಲ್ಲುವುದು ಕಷ್ಟ, ಏಕೆಂದರೆ ವರ್ಷಾಂತ್ಯದ ಅವಸರದ ಓಟಿ 31ರ ಈಚೆಗೆ ಬರುತ್ತದೆ, ಹಬ್ಬ ಮುಗಿದ ಮೇಲಿನ ಗೈರುಹಾಜರಿ ಆಚೆಗೆ ಬೀಳುತ್ತದೆ, ಎರಡೂ ಸೇರಿ ತಪ್ಪನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಪ್ರತಿ ತಿಂಗಳೂ ಒಂದೆರಡು ದಿನಗಳಲ್ಲೇ ಲೆಕ್ಕ ಮುಗಿಸುವ ದೊಡ್ಡ ಕಾರ್ಖಾನೆಗಳು ಬಿಲ್ಲು ತಯಾರಾಗುವ ಮೊದಲೇ ಅಂದಾಜು ಹಾಕಬೇಕಾಗುತ್ತದೆ, ಅವರಿಗೆ ಪ್ರಮಾಣದ ವಿಧಾನ ಅನಿವಾರ್ಯ. ನಿಮ್ಮ ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ ಕೂಲಿ ಬಿಲ್ಲೂ ಹಾಜರಿ ಹಾಳೆಯೂ ಕೈಯಲ್ಲಿವೆ. ನಿಜವಾದ ಅಂಕಿ ಮೇಜಿನ ಮೇಲಿರುವಾಗ ಅಂದಾಜಿಗೆ ಕಾರಣವಿಲ್ಲ.

ಆ ಶನಿವಾರದ ಓಟಿ ಏಕೆ ಮುಖ್ಯ ಎಂಬುದಕ್ಕೆ ಇನ್ನೊಂದು ಮಾತು. ಆ ಓಟಿಯಿಂದ ತಯಾರಾದ ಮಾಲನ್ನು ನೀವು 29ರಂದೇ ಕಳಿಸಿ ಅದೇ ತಾರೀಖಿನ ಬಿಲ್ಲನ್ನು ಹಾಕಿದ್ದರೆ ಮಾರಾಟ 2024-25ಕ್ಕೆ ಸೇರಿದೆ. ಮಾರಾಟ ಈ ವರ್ಷಕ್ಕೆ, ಅದನ್ನು ಮಾಡಿದ ಕೈಗಳ ಕೂಲಿ ಮುಂದಿನ ವರ್ಷಕ್ಕೆ ಎಂದಾದರೆ ಆ ಆರ್ಡರಿನ ಲಾಭ ಸುಳ್ಳಾಗುತ್ತದೆ. ಮಾಲು ಹೋಗದೆ ಶೆಡ್ಡಿನಲ್ಲೇ ಅರ್ಧ ಮುಗಿದ ಸ್ಥಿತಿಯಲ್ಲಿ ಉಳಿದಿದ್ದರೂ ಪರಿಣಾಮ ಅಷ್ಟೇ ಕೆಟ್ಟದ್ದು. ದಾಸ್ತಾನಿನ ಬೆಲೆ ಕಟ್ಟುವಾಗ ಅದರಲ್ಲಿ ಸೇರಿರುವ ಕೂಲಿಯನ್ನೂ ಎಣಿಸುತ್ತೀರಿ, ಹಾಗೆ ಎಣಿಸಿದ ಕೂಲಿ ಖರ್ಚಿನ ಕಡೆ ಇಲ್ಲದೇ ಹೋದರೆ ಅಷ್ಟೂ ಹಣ ನೇರವಾಗಿ ಲಾಭವಾಗಿ ಕಾಣಿಸಿಕೊಳ್ಳುತ್ತದೆ.

ಮುಂದಿನದು ಮುಂಗಡದ ವಿಚಾರ. ನೀವು ಕೇಳಿಲ್ಲ, ಆದರೆ ಕಾಗದಗಳನ್ನು ನೋಡುವಾಗ ಕಣ್ಣಿಗೆ ಬಿತ್ತು. ಮಾರ್ಚ್ 28ರಂದು ಯುಗಾದಿಗೆಂದು ತಲೆಗೆ 500ರಂತೆ 7,000 ರೂಪಾಯಿ ಮುಂಗಡ ಕೊಟ್ಟಿದ್ದೀರಿ, ಏಪ್ರಿಲ್ 5ರ ಬಟವಾಡೆಯಲ್ಲಿ ಅದನ್ನು ಮುರಿದುಕೊಂಡಿದ್ದೀರಿ. 28ರ ವೋಚರ್ ಮಾತ್ರ ಕೂಲಿ ಖಾತೆಗೆ ಹೋಗಿದೆ. ಮುಂಗಡ ಕೂಲಿಯಲ್ಲ, ಕಾರ್ಮಿಕರಿಂದ ನಿಮಗೆ ಬರಬೇಕಾದ ಹಣ. ಅದನ್ನು ಹಾಗೆಯೇ ಬಿಟ್ಟು ಈಗ 42,550 ಸೇರಿಸಿದರೆ ಮಾರ್ಚ್‌ನ ಖರ್ಚಿನಲ್ಲಿ 7,000 ಎರಡು ಸಲ ಬಂದಂತಾಗುತ್ತದೆ. ಮೊದಲು ಆ ವೋಚರನ್ನು ಕೂಲಿ ಖಾತೆಯಿಂದ ತೆಗೆದು ‘ಕಾರ್ಮಿಕರ ಮುಂಗಡ’ ಖಾತೆಗೆ ಹಾಕಿ. ಮಾರ್ಚ್ 31ರಂದು ಆ 7,000 ಆಸ್ತಿಯ ಕಡೆ, 42,550 ಜವಾಬ್ದಾರಿಯ ಕಡೆ, ಎರಡೂ ತಮ್ಮ ತಮ್ಮ ಜಾಗದಲ್ಲಿ ಕಾಣಲಿ.

ಇದೇ ಕಾರಣಕ್ಕೆ ಬಾಕಿ ಕೂಲಿಯನ್ನು ಯಾವಾಗಲೂ ಕಡಿತಕ್ಕೆ ಮುಂಚಿನ ಮೊತ್ತದಲ್ಲಿ ಹಿಡಿಯಬೇಕು. ಏಪ್ರಿಲ್ 5ರಂದು ನಿಮ್ಮ ಕೈಯಿಂದ ಹೋದ ಹಣ 48,778 ರೂಪಾಯಿ. 56,200ರಲ್ಲಿ 7,000 ಮುಂಗಡಕ್ಕೂ 422 ರೂಪಾಯಿ ಕಾರ್ಮಿಕರ ಪಾಲಿನ ಇಎಸ್‌ಐಗೂ ಮುರಿದಿದೆ. ಕಾರ್ಮಿಕರ ಇಎಸ್‌ಐ ಅವರ ಕೂಲಿಯೊಳಗಿನದೇ ಆದ್ದರಿಂದ ಅದಕ್ಕೆ ಬೇರೆ ಖರ್ಚು ಬರೆಯುವಂತಿಲ್ಲ. ಮಾಲೀಕರ ಪಾಲು ಹಾಗಲ್ಲ, ಅದು ಕೂಲಿಯ ಮೇಲೆ ನೀವು ಹೊರುವ ಹೆಚ್ಚಿನ ಹೊರೆ. 2024-25ರಲ್ಲಿ ಅದರ ದರ ಶೇಕಡಾ 3.25 ಇತ್ತು, ಓಟಿಯನ್ನೂ ಸೇರಿಸಿ ಲೆಕ್ಕ ಹಾಕಬೇಕಿತ್ತು. 42,550ರ ಮೇಲೆ 1,383 ರೂಪಾಯಿ ಆಗುತ್ತದೆ, ಕಟ್ಟುವ ಚಲನ್ ಯಾವ ತಿಂಗಳಿನದೇ ಆದರೂ ಈ ಖರ್ಚು ಮಾರ್ಚ್‌ನದು. ಆದಾಯ ತೆರಿಗೆಯಲ್ಲಿ ಒಂದು ಭೇದವನ್ನು ನೆನಪಿಡಿ. ನಿಮ್ಮ ಲೆಕ್ಕ ಬಾಕಿ ಆಧಾರದ ಪದ್ಧತಿಯಲ್ಲಿದ್ದರೆ ಮಾರ್ಚ್‌ನ ಕೂಲಿ ಏಪ್ರಿಲ್‌ನಲ್ಲಿ ಕೊಟ್ಟರೂ 2024-25ರ ಖರ್ಚಾಗಿ ಸಲ್ಲುತ್ತದೆ, ಆದರೆ ಮಾಲೀಕರ ಪಾಲಿನ ಇಎಸ್‌ಐ ಆ ವರ್ಷದ ಖರ್ಚಾಗಿ ಸಲ್ಲಬೇಕಾದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಅದನ್ನು ನಿಜವಾಗಿ ಕಟ್ಟಿರಬೇಕು, ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿ ಹಾಗೆ ಹೇಳುತ್ತದೆ.

ಬರೆಯುವ ಕ್ರಮ ಸರಳವಾಗಿದೆ. ಮಾರ್ಚ್ 31ರ ತಾರೀಖಿಗೆ ಒಂದು ಜರ್ನಲ್ ವೋಚರ್ ಹಾಕಿ, ಕೂಲಿ ಖಾತೆಯನ್ನು 42,550ಕ್ಕೆ ಡೆಬಿಟ್ ಮಾಡಿ, ‘ಕೊಡಬೇಕಾದ ಕೂಲಿ’ ಖಾತೆಯನ್ನು ಅಷ್ಟಕ್ಕೇ ಕ್ರೆಡಿಟ್ ಮಾಡಿ. ಇಎಸ್‌ಐನ 1,383ಕ್ಕೂ ಇದೇ ರೀತಿ. ಏಪ್ರಿಲ್ 1ರ ತಾರೀಖಿಗೆ ಕೂಲಿಯ ವೋಚರನ್ನೇ ತಿರುಗಿಸಿ ಬರೆಯಿರಿ, ಅಂದರೆ ‘ಕೊಡಬೇಕಾದ ಕೂಲಿ’ ಡೆಬಿಟ್, ಕೂಲಿ ಕ್ರೆಡಿಟ್. ಆಮೇಲೆ ಏಪ್ರಿಲ್ 5ರಂದು ಗುಮಾಸ್ತರು ಎಂದಿನಂತೆ ಪೂರ್ತಿ ಬಿಲ್ಲನ್ನು, 56,200 ರೂಪಾಯಿಯನ್ನು, ಕೂಲಿಗೆ ಡೆಬಿಟ್ ಮಾಡಲಿ. ಹಿಂದಿನ 42,550ರ ಕ್ರೆಡಿಟ್ ಅದರಲ್ಲಿ ಕಳೆದು ಹೊಸ ವರ್ಷಕ್ಕೆ ಉಳಿಯುವುದು 13,650, ಅದು ಏಪ್ರಿಲ್‌ನ ಎರಡು ದಿನಗಳ ಕೂಲಿಯೇ. ಏಪ್ರಿಲ್ 1ರಿಂದ 5ರವರೆಗೆ ಕೂಲಿ ಖಾತೆ ಕ್ರೆಡಿಟ್ ಬಾಕಿ ತೋರಿಸುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ತಿರುಗಿಸದೆ, ಏಪ್ರಿಲ್ 5ರ ವೋಚರಿನಲ್ಲೇ 42,550ನ್ನು ‘ಕೊಡಬೇಕಾದ ಕೂಲಿ’ಗೂ 13,650ನ್ನು ಕೂಲಿಗೂ ಒಡೆದು ಬರೆಯುವ ಪದ್ಧತಿಯೂ ಇದೆ. ಅದೂ ಸರಿಯಾದದ್ದೇ. ಆದರೆ ಬಟವಾಡೆ ಬರೆಯುವವರು ಒಬ್ಬರು, ವರ್ಷಾಂತ್ಯದ ಹೊಂದಾಣಿಕೆ ಬರೆಯುವವರು ಇನ್ನೊಬ್ಬರು ಆಗಿರುವ ನಿಮ್ಮಂಥ ಕಡೆ ನಾನು ತಿರುಗಿಸುವುದನ್ನೇ ಹೇಳುತ್ತೇನೆ, ಏಕೆಂದರೆ ಶನಿವಾರದ ಅವಸರದಲ್ಲಿ ಗುಮಾಸ್ತರು ಏನನ್ನೂ ನೆನಪಿಡಬೇಕಾಗುವುದಿಲ್ಲ. ನಾನು ಲೆಕ್ಕ ನೋಡಲು ಹೋಗಿದ್ದ ಒಂದು ಘಟಕದಲ್ಲಿ ಮೂರು ವರ್ಷ ಸತತವಾಗಿ ಮಾರ್ಚ್ 31ರ ವೋಚರ್ ಬರೆದಿದ್ದರು, ಒಮ್ಮೆಯೂ ತಿರುಗಿಸಿರಲಿಲ್ಲ, ಏಪ್ರಿಲ್‌ನಲ್ಲಿ ಪೂರ್ತಿ ಬಿಲ್ಲನ್ನೂ ಕೂಲಿಗೇ ಬರೆದಿದ್ದರು. ಮೂರು ಮಾರ್ಚ್‌ಗಳ ಕೂಲಿ ತಲಾ ಎರಡು ಸಲ ಖರ್ಚಾಗಿತ್ತು. ಎಂದೋ ಕೊಟ್ಟು ಮುಗಿಸಿದ ಹಣ ಅಢಾವೆ ಪತ್ರಿಕೆಯಲ್ಲಿ ಸಾಲವಾಗಿ ಬೆಳೆಯುತ್ತಲೇ ಇತ್ತು, ಯಾರಿಗೆ ಕೊಡಬೇಕು ಎಂದು ಕೇಳಿದಾಗ ಉತ್ತರ ಹೇಳುವವರು ಯಾರೂ ಇರಲಿಲ್ಲ.

ನೀವು ಟ್ಯಾಲಿ ಬಳಸುತ್ತೀರಾದ್ದರಿಂದ ಒಂದು ಎಚ್ಚರಿಕೆ. ಅದರಲ್ಲಿ `Reversing Journal` ಎಂಬ ವೋಚರ್ ಬಗೆ ಇದೆ, ಹೆಸರು ನೋಡಿ ಈ ಕೆಲಸಕ್ಕೆಂದೇ ಇಟ್ಟದ್ದೆಂದು ಅನಿಸುತ್ತದೆ. ಅದು ಸಾಮಾನ್ಯ ಖಾತೆಗಳನ್ನು ಮುಟ್ಟುವುದಿಲ್ಲ, `Scenario` ಮಾಡಿ ವರದಿ ತೆಗೆದಾಗ ಮಾತ್ರ ಕಾಣಿಸುತ್ತದೆ. ಅದರಲ್ಲಿ ಬರೆದರೆ ನಿಮ್ಮ ಅಂತಿಮ ಲೆಕ್ಕಕ್ಕೆ 42,550 ಸೇರುವುದೇ ಇಲ್ಲ. ಎರಡೂ ತಾರೀಖುಗಳಿಗೆ ಸಾಮಾನ್ಯ `Journal` ವೋಚರನ್ನೇ ಬಳಸಿ.

ಇನ್ನು ಹಿಂದಿನ ವರ್ಷದ ತುದಿ ಉಳಿದಿದೆ, ಮೊದಲ ಸಲ ಹೀಗೆ ಬರೆಯುವವರೆಲ್ಲ ಮರೆಯುವುದು ಇದನ್ನೇ. 2024ರ ಏಪ್ರಿಲ್ 6ರ ಬಟವಾಡೆಯಲ್ಲಿ ಮಾರ್ಚ್ 28, 29, 30ರ ಕೂಲಿ ಇತ್ತು. ನಿಮ್ಮ ಹಳೆಯ ಬಿಲ್ಲಿನ ಪ್ರಕಾರ ಆಗ ದಿನಕ್ಕೆ 8,800ರಂತೆ 26,400 ರೂಪಾಯಿ. ಅದು 2023-24ರದ್ದು, ಆದರೆ 2024-25ರ ಕೂಲಿ ಖಾತೆಯಲ್ಲಿ ಕುಳಿತಿದೆ. ಅದನ್ನು ಹಾಗೇ ಬಿಟ್ಟು ಈ ಕೊನೆಯ 42,550ನ್ನು ಮಾತ್ರ ಸೇರಿಸಿದರೆ ಈ ವರ್ಷದ ತಲೆಗೆ ಎರಡು ಮಾರ್ಚ್‌ಗಳ ಬಾಕಿ ಬೀಳುತ್ತದೆ, ಲಾಭ ಅನ್ಯಾಯವಾಗಿ ಕುಗ್ಗುತ್ತದೆ. ಆ 26,400ನ್ನು ಕೂಲಿ ಖಾತೆಯಿಂದ ತೆಗೆದು ‘ಹಿಂದಿನ ವರ್ಷದ ಕೂಲಿ’ ಎಂದು ಲಾಭ-ನಷ್ಟ ತಖ್ತೆಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ. ಆಗ ಈ ವರ್ಷದ ಕೂಲಿ ನಿಜವಾದ ಮೊತ್ತಕ್ಕೆ ಬರುತ್ತದೆ, ನೀವು ಮೊದಲು ಬರೆದದ್ದಕ್ಕಿಂತ 16,150 ರೂಪಾಯಿ ಹೆಚ್ಚು. ಇದರ ಮೇಲೆ ಮುಂಗಡದ 7,000 ಕಳೆಯುವುದಿದೆ, ಅದನ್ನು ಆಗಲೇ ಹೇಳಿದ್ದೇನೆ. ಆ 26,400 ಈ ವರ್ಷದ ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ನಿಲ್ಲುತ್ತದೆಯೇ ಎಂಬುದನ್ನು ನಿಮ್ಮ ಆಡಿಟರ್ ಜೊತೆ ಕೂತು ತೀರ್ಮಾನಿಸಿ, ಹಿಂದಿನ ವರ್ಷದ ಖರ್ಚೆಂದು ಆಕ್ಷೇಪ ಬರುವ ಸಾಧ್ಯತೆ ಇದೆ.

ತಿಂಗಳ ಸಂಬಳದ ಮೇಲಿರುವ ಸೂಪರ್‌ವೈಸರ್ ಅಥವಾ ಗುಮಾಸ್ತರ ಮಾರ್ಚ್ ಸಂಬಳ ಏಪ್ರಿಲ್ ಮೊದಲ ವಾರದಲ್ಲಿ ಹೋಗುತ್ತಿದ್ದರೆ ಅದೂ ಪೂರ್ತಿಯಾಗಿ ಮಾರ್ಚ್‌ನದೇ. ಅಲ್ಲಿ ಒಡೆಯುವ ಲೆಕ್ಕವಿಲ್ಲ.

ಮುಂದಿನ ವರ್ಷಗಳಿಗೆಂದು ಒಂದು ರೂಢಿ ಮಾಡಿಕೊಳ್ಳಿ. ಮಾರ್ಚ್ 31ರ ಸಂಜೆ ಹಾಜರಿ ಹಾಳೆಯಲ್ಲಿ ಆ ದಿನದ ಕಾಲಮ್ ಆದ ಮೇಲೆ ಒಂದು ದಪ್ಪ ಗೆರೆ ಎಳೆದು, ಅದರ ಎಡಕ್ಕಿರುವ ಹಾಜರಿ ಮತ್ತು ಓಟಿ ಗಂಟೆಗಳನ್ನು ಅಲ್ಲಿಯೇ ಕೂಡಿ ಸೂಪರ್‌ವೈಸರ್ ಸಹಿ ಹಾಕಿಸಿ. ಆ ಗೆರೆಯ ಎಡಕ್ಕಿರುವುದಷ್ಟೇ ಬಾಕಿಯೆಂದು ತಿಳಿಯುವ ಮೊದಲು, ಅದರ ಹಿಂದಿನ ವಾರದ ಬಟವಾಡೆ ಆಗಿದೆಯೇ ಎಂದೂ ನೋಡಿ. ಈ ಸಲ ಮಾರ್ಚ್ 26ಕ್ಕೆ ಮುಗಿದ ವಾರದ ಹಣ 29ರಂದೇ ಹೋಗಿತ್ತು, ತೊಂದರೆಯಿರಲಿಲ್ಲ. 2028ರಲ್ಲಿ ಮಾರ್ಚ್ 31 ಶುಕ್ರವಾರ ಬರುತ್ತದೆ. ಬಟವಾಡೆಯ ಕ್ರಮ ಆಗಲೂ ಹೀಗೇ ಇದ್ದರೆ 29ರಂದು ಮುಗಿದ ಇಡೀ ವಾರದ ಕೂಲಿಯನ್ನು ಏಪ್ರಿಲ್ 1ರ ಶನಿವಾರ ಕೊಡುತ್ತೀರಿ, 30 ಮತ್ತು 31ರದ್ದನ್ನು ಏಪ್ರಿಲ್ 8ರಂದು. ಒಟ್ಟು ಎಂಟು ದಿನದ ಕೂಲಿ ಎರಡು ಬಿಲ್ಲುಗಳಲ್ಲಿ ಹರಡಿಕೊಂಡಿರುತ್ತದೆ, ಒಂದೇ ಬಿಲ್ಲು ನೋಡಿದವರಿಗೆ ಆರು ದಿನದ ಬಾಕಿ ಕಣ್ತಪ್ಪುತ್ತದೆ.

ಲೆಕ್ಕ ಸರಿಯಾಗಿ ಮುಚ್ಚಿದೆಯೇ ಎಂದು ತಿಳಿಯಲು ಏಪ್ರಿಲ್ 30ರ ತಾರೀಖಿಗೆ ‘ಕೊಡಬೇಕಾದ ಕೂಲಿ’ ಲೆಡ್ಜರ್ ತೆರೆಯಿರಿ. ಮಾರ್ಚ್‌ನಿಂದ ಬಂದ 42,550 ಅಲ್ಲಿ ಸೊನ್ನೆಯಾಗಿರಬೇಕು. ಅದೇ ಮೊತ್ತ ಇನ್ನೂ ನಿಂತಿದ್ದರೆ ಏಪ್ರಿಲ್ 1ರ ವೋಚರ್ ಬಿಟ್ಟುಹೋಗಿದೆ. ಸಣ್ಣದೊಂದು ಮೊತ್ತ ಉಳಿದಿದ್ದರೆ ಒಂದು ಕಡೆ ಹಾಜರಿಯ ಲೆಕ್ಕ, ಇನ್ನೊಂದು ಕಡೆ ಅಂಚಿನ ಪೆನ್ಸಿಲ್ ಲೆಕ್ಕ ಸೇರಿಕೊಂಡಿದೆ. ಅದೇ ಮೊತ್ತ ಡೆಬಿಟ್ ಬಾಕಿಯಾಗಿ ಕಂಡರೆ ಏಪ್ರಿಲ್ 1ರಂದು ತಿರುಗಿಸಿದ ಮೇಲೂ ಏಪ್ರಿಲ್ 5ರಂದು ಬಿಲ್ಲನ್ನು ಒಡೆದು ಬರೆದಿದ್ದಾರೆ, ಎರಡು ಪದ್ಧತಿಗಳನ್ನೂ ಒಟ್ಟಿಗೆ ಮಾಡಿದ್ದಾರೆ ಎಂದರ್ಥ.